ಬೂದಿಯೊಳಗಿಟ್ಟ ಹುಣಸೆ ಬೀಜ

ನಾನು ಇಲ್ಲಿ ಬರೆಯುತ್ತಿರುವುದನ್ನು ನಾಲ್ಕು ಜನರ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕಾಗಿತ್ತು. ಇಬ್ಬರಿಗೆ ಹೇಳಿದ್ದೇನೆ. ಇನ್ನಿಬ್ಬರು ಊರು ಬಿಟ್ಟು ಹೋಗಿದ್ದಾರೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನು ನಾನು, ಬರೆದು ಅಭ್ಯಾಸವಿಲ್ಲ. ಆದರೆ ಅತ್ತಿಗೆ ಹಾಕಿದ ಷರತ್ತು ಇನ್ನೂ ಅರ್ಧ ಬಾಕಿ ಇದೆ. ವಯಸ್ಸು ನೋಡಿದರೆ ಕಾಯುವಂತಿಲ್ಲ.

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ನಮ್ಮಪ್ಪ ಬಿಟ್ಟುಹೋದ ಹೊಲವನ್ನು ಅಣ್ಣನೂ ನಾನೂ ನಡುವೆ ಒಂದು ಬದು ಹಾಕಿ ಹಂಚಿಕೊಂಡಿದ್ದೆವು. ಮನೆಯನ್ನೂ ಹಾಗೆಯೇ, ನಡುಮನೆಗೆ ಒಂದು ಗೋಡೆ ಎಬ್ಬಿಸಿ. ಅಡುಗೆಮನೆಯ ಅಟ್ಟದ ಮೇಲಿದ್ದ ಬಿತ್ತನೆ ಅವರೆಯ ಗಡಿಗೆಯನ್ನು ಮಾತ್ರ ಯಾರೂ ಹಂಚಲಿಲ್ಲ. ಅಡುಗೆಮನೆ ಅಣ್ಣನ ಪಾಲಿಗೆ ಹೋಯಿತು, ಗಡಿಗೆ ಅಲ್ಲೇ ಉಳಿಯಿತು. ಅದನ್ನು ನಮ್ಮವ್ವನ ನಂತರ ಅತ್ತಿಗೆಯೇ ತುಂಬುತ್ತಿದ್ದರು, ಅವರೇ ತೆಗೆಯುತ್ತಿದ್ದರು. ಆಷಾಢದಲ್ಲಿ ರಾಗಿ ಸಾಲುಗಳ ನಡುವೆ ಅವರೆಯ ಅಕ್ಕಡಿ ಸಾಲು ಹಾಕುವ ಹೊತ್ತಿಗೆ ನನ್ನ ಪಾಲಿನ ಬೀಜ ಮೊರದಲ್ಲಿ ಬರುತ್ತಿತ್ತು.

ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವನು. ಅಷ್ಟು ವರ್ಷವೂ ನನ್ನ ಹೊಲವನ್ನು ಅಣ್ಣನೇ ನೋಡಿಕೊಂಡ. ಅವನು ತೀರಿಕೊಂಡ ಮರುವರ್ಷ ನಾನು ರಿಟೈರ್ ಆದೆ. ಇನ್ನು ನಾನೇ ಮಾಡುತ್ತೇನೆ ಎಂದು ಪಂಚೆ ಎತ್ತಿ ಕಟ್ಟಿದೆ. ಅಲ್ಲಿಂದಲೇ ಎಲ್ಲ ಶುರುವಾದದ್ದು.

ಮೊದಲ ವರ್ಷ ಅತ್ತಿಗೆಯ ಸಾಲಿನಲ್ಲಿ ಅವರೆ ಒತ್ತಾಗಿ ಎದ್ದು ನಿಂತಿತು. ಬದುವಿನ ಈಚೆ, ನನ್ನ ಸಾಲಿನಲ್ಲಿ, ಹಲ್ಲುದುರಿದ ಬಾಯಿಯ ಹಾಗೆ ನಡುನಡುವೆ ಖಾಲಿ. ಎರಡನೆಯ ವರ್ಷವೂ ಹಾಗೆಯೇ. ಒಂದೇ ಮಣ್ಣು, ಒಂದೇ ಮಳೆ, ಒಂದೇ ಜೋಡಿ ಎತ್ತು. ಉಳಿದದ್ದು ಬೀಜ. ಕಾರ್ಖಾನೆಯಲ್ಲಿ ಅಳತೆಯ ಗೇಜು ಹಾಕಿ ನೋಡದೆ ಒಂದು ತುಂಡನ್ನೂ ಮುಂದಕ್ಕೆ ಕಳಿಸಿದವನಲ್ಲ ನಾನು. ಎಲ್ಲಿ ತಪ್ಪಿದೆ ಎಂದು ಹುಡುಕುವುದೇ ನನ್ನ ಕೆಲಸವಾಗಿತ್ತು. ಹುಡುಕಿದೆ. ಗಟ್ಟಿ ಬೀಜ ತಾನಿಟ್ಟುಕೊಂಡು ಜೊಳ್ಳನ್ನು ನನಗೆ ಕೊಡುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಅತ್ತಿಗೆ ಒಮ್ಮೆ ಬದುವಿನ ಮೇಲೆ ನಿಂತು ನಾನು ಬಿತ್ತುವುದನ್ನು ನೋಡಿ, "ಅಷ್ಟು ಆಳಕ್ಕೆ ಬಿಡಬ್ಯಾಡ ಕಣಪ್ಪ, ಎರಡು ಬೆರಳು ಸಾಕು. ಬೀಜ ಬಿತ್ತಾ ಇದೀಯೋ, ಹೂತಾಕ್ತಾ ಇದೀಯೋ," ಎಂದಿದ್ದರು. ಕೂಲಿಗೆ ಬಂದ ಹೆಂಗಸರು ನಕ್ಕರು. ಅತ್ತಿಗೆ ಮದುವೆಯಾಗಿ ಬಂದಾಗ ನಾನಿನ್ನೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದವನು. ಈಗಲೂ ನನ್ನನ್ನು ಹಾಗೆಯೇ ನೋಡುತ್ತಾರೆ ಎಂದು ಒಳಗೇ ಉರಿದುಕೊಂಡೆ. ಮಾತಿನ ಒಳಗಿದ್ದ ಪಾಠ ಕಿವಿಗೆ ಹೋಗಲಿಲ್ಲ.

ಅವರು ಬೀಜ ಕಟ್ಟುತ್ತಿದ್ದ ರೀತಿಯನ್ನು ಹೇಳಬೇಕು. ಅದು ಗೊತ್ತಾದರೆ ನಾನು ಮಾಡಿದ್ದು ಎಂಥದ್ದು ಎನ್ನುವುದೂ ಗೊತ್ತಾಗುತ್ತದೆ. ಹೊಲದ ನಡುವಿನ ಒಳ್ಳೆಯ ಬಳ್ಳಿಗಳನ್ನು ಹೂವಿನಲ್ಲೇ ಗುರುತಿಸಿ ಕೆಂಪು ದಾರ ಕಟ್ಟುತ್ತಿದ್ದರು. ಆ ಬಳ್ಳಿಯ ಕಾಯನ್ನು ಸಾರಿಗೆ ಕೀಳುವಂತಿಲ್ಲ. ಕಾಯಿ ಗಿಡದಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಬಿಡಿಸಿದ ಬೀಜವನ್ನು ಸಿಮೆಂಟು ನೆಲದ ಮೇಲೆ ಹಾಕುತ್ತಿರಲಿಲ್ಲ, ಕಾದ ಸಿಮೆಂಟು ಬೀಜವನ್ನು ಬೇಯಿಸಿಬಿಡುತ್ತದೆ ಎನ್ನುತ್ತಿದ್ದರು. ಈಚಲು ಚಾಪೆಯ ಮೇಲೆ ಬೆಳಗಿನ ಬಿಸಿಲು ನಾಲ್ಕು ದಿನ. ಮಂಜು ಬೀಳುವ ಮುಂಚೆ ಒಳಗೆ. ಆಮೇಲೆ ಒಂದು ಬೀಜ ಹಲ್ಲಿಗಿಟ್ಟು ಕಚ್ಚುವುದು. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ, ಕಟ್ ಎಂದು ಒಡೆದರೆ ಆಯಿತು. ಆದರೂ ಬಿಸಿಲಿನಿಂದ ತಂದ ಬೀಜವನ್ನು ಹಾಗೇ ತುಂಬುವಂತಿಲ್ಲ. ನೆರಳಿನಲ್ಲಿ ಪೂರ್ತಿ ಆರಬೇಕು. ಬಿಸಿಯಾಗಿ ಮುಚ್ಚಿದರೆ ಗಡಿಗೆ ಒಳಗೇ ಬೆವರುತ್ತದೆ.

ತುಂಬುವಾಗ ಗಡಿಗೆಯ ತಳದಲ್ಲಿ ಜರಡಿ ಹಿಡಿದ ಒಲೆಬೂದಿ, ಮೇಲೆ ಬೀಜ, ಒಣಗಿಸಿದ ಬೇವಿನೆಲೆ, ಮತ್ತೆ ಬೂದಿ, ಮತ್ತೆ ಬೀಜ. ಕೊನೆಯಲ್ಲಿ ನಾಲ್ಕು ಬೆರಳು ದಪ್ಪ ಬೂದಿ. ಅದರ ಮೇಲೆ ಮಡಿಸಿದ ಒಣಬಟ್ಟೆ, ಮಣ್ಣಿನ ಮುಚ್ಚಳ. ಮುಚ್ಚಳದ ಸುತ್ತ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತುತ್ತಿದ್ದರು. ಮೆತ್ತಿದ್ದು ಬಿಸಿಲಿಗೆ ಗಟ್ಟಿಯಾದ ಮೇಲೆಯೇ ಗಡಿಗೆ ಅಟ್ಟಕ್ಕೆ ಏರುತ್ತಿದ್ದುದು. ಕೆಳಗಿನ ಸೌದೆ ಒಲೆಯ ಹೊಗೆ ಅದಕ್ಕೆ ತಾಗಬೇಕು. ಗ್ಯಾಸ್ ಬಂದ ಮೇಲೂ ಅವರು ಆ ಒಲೆಯನ್ನು ಒಡೆಯಲಿಲ್ಲ. ಸಂಕ್ರಾಂತಿ ಕಳೆದು ಮುಚ್ಚಿದ ಗಡಿಗೆ ಬಿತ್ತನೆಯ ದಿನವೇ ತೆರೆಯಬೇಕು. ನಡುವೆ ಯಾರೂ ಮುಟ್ಟುವಂತಿಲ್ಲ.

ತೆರೆಯುವ ದಿನ ಸುತ್ತಮುತ್ತಲಿನ ನಾಲ್ಕಾರು ಮನೆಯವರು ಬರುತ್ತಿದ್ದರು. ಹೊಲ ಇದ್ದವರಿಗೆ ಒಂದೆರಡು ಸೇರು, ಹಿತ್ತಲು ಇದ್ದವರಿಗೆ ಒಂದು ಹಿಡಿ. ಬೀಜ ಅಂಗಡಿಯಲ್ಲೂ ಸಿಗುತ್ತಿತ್ತು. ಅವರು ಬರುತ್ತಿದ್ದುದು ಅತ್ತಿಗೆಯ ಕೈಗುಣಕ್ಕೆ. ಮೊದಲ ಹಿಡಿಯನ್ನು ಅತ್ತಿಗೆಯೇ ತಮ್ಮ ಮಡಿಲಿಗೆ ಹಾಕಬೇಕು ಎಂದು ಬಂದವರು ಕೇಳುತ್ತಿದ್ದರು. ಗಂಡ ಸತ್ತ ಹೆಂಗಸನ್ನು ಶುಭಕಾರ್ಯಕ್ಕೆ ಮುಂದೆ ಕರೆಯದ ಅದೇ ಜನ ಬೀಜಕ್ಕೆ ಮಾತ್ರ ಅವರ ಕೈಯನ್ನೇ ಕೇಳುತ್ತಿದ್ದರು. ಅಣ್ಣ ಹೋದ ಮೇಲೆ ಅತ್ತಿಗೆಗೆ ಊರಿನಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ. ಆ ದಿನ ಬೆಳಿಗ್ಗೆ ಅವರು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಡುತ್ತಿದ್ದುದು ನನಗೆ ನೆನಪಿದೆ.

ಎರಡು ಸಾವಿರದ ಐದನೇ ಇಸವಿ. ಅತ್ತಿಗೆ ತಮ್ಮ ಹಿತ್ತಲಿನ ಶೀಟಿನ ಕೋಣೆಯನ್ನು ಕೊಪ್ಪಳದ ಕಡೆಯ ಗಂಡ ಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದರು. ಇಬ್ಬರೂ ಗಾರೆ ಕೆಲಸದವರು. ಆ ಹೆಂಗಸು ಸಂಜೆ ಅತ್ತಿಗೆಯ ಜೊತೆ ಕೂತು ಅವರೆ ಬಿಡಿಸುತ್ತಿದ್ದಳು. ಇವರ ಮಾತು ಅವಳಿಗೆ ಅರ್ಧ, ಅವಳದು ಇವರಿಗೆ ಅರ್ಧ, ಆದರೂ ನಗು ನಿಲ್ಲುತ್ತಿರಲಿಲ್ಲ. ಗೋಡೆಯ ಈಚೆ ಕೂತ ನನಗೆ ಆ ನಗು ನನ್ನ ಮೇಲೆಯೇ ಅನ್ನಿಸುತ್ತಿತ್ತು.

ಮಾರ್ಚಿನಲ್ಲಿ ಗಂಡನಿಗೆ ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಸಾಮಾನು ಹೇರಿದ ಲಗೇಜು ಆಟೋ ಹೊರಡುವಾಗ ಅತ್ತಿಗೆ ಒಳಗೆ ಹೋಗಿ, ಬಟ್ಟೆ ಸುತ್ತಿದ ಒಂದು ಗಾಜಿನ ಬಾಟಲಿ ತಂದು ಅವಳ ಕೈಗಿತ್ತರು. ಬಟ್ಟೆ ಸರಿದಾಗ ಬಾಟಲಿಯಲ್ಲಿ ಬೂದಿ ಕಂಡಿತು, ಬೂದಿಯ ನಡುವೆ ಬೀಜ. ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಮುಚ್ಚಿದ ಗಡಿಗೆಯನ್ನು ತೆರೆದು, ನನ್ನ ಪಾಲಿನಿಂದ ತೆಗೆದು, ಎಲ್ಲಿಂದಲೋ ಬಂದವಳಿಗೆ ಕೊಟ್ಟರು ಎಂದು ಲೆಕ್ಕ ಹಾಕಿದೆ. ಇನ್ನೂ ಯಾರು ಯಾರಿಗೆ ಹೀಗೆ ಹೋಗಿದೆಯೋ ಎಂದುಕೊಂಡೆ. "ಏನು ಕೊಟ್ರಿ ಅತ್ತಿಗೆ?" ಎಂದು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಕೇಳಲಿಲ್ಲ. ಅನುಮಾನ ಇರುವವನಿಗೆ ಕೇಳುವುದಕ್ಕಿಂತ ಹಿಡಿಯುವುದರಲ್ಲೇ ಆಸೆ ಹೆಚ್ಚು.

ಅತ್ತಿಗೆ ಶನಿವಾರ ಬೆಳಿಗ್ಗೆ ಆಂಜನೇಯನ ಗುಡಿಗೆ ಹೋಗಿ, ಹಾಗೆಯೇ ಹೂ ಕಟ್ಟುವ ಅಜ್ಜಿಯ ಹತ್ತಿರ ಸ್ವಲ್ಪ ಕೂತು ಬರುತ್ತಿದ್ದರು. ಹಿತ್ತಲ ಬಾಗಿಲಿಗೆ ಚಿಲಕ ಮಾತ್ರ. ಮೇ ತಿಂಗಳ ಕೊನೆಯಲ್ಲಿ, ಒಂದೆರಡು ಮಳೆ ಬಿದ್ದ ಮೇಲೆ, ಅಂಥ ಒಂದು ಶನಿವಾರ ನಾನು ಒಳಗೆ ಹೋದೆ. ಏಣಿ ಇಟ್ಟು ಗಡಿಗೆ ಇಳಿಸಿದೆ. ಚಾಕುವಿನಿಂದ ಮುಚ್ಚಳದ ಸುತ್ತಿನ ಮೆತ್ತನ್ನು ಬಿಡಿಸಿದೆ. ಬೂದಿಯೊಳಗೆ ಮೊಣಕೈವರೆಗೆ ಕೈ ಹಾಕಿ ಹತ್ತು ಬೀಜ ತೆಗೆದೆ. ಮೊದಲೇ ಕಲಸಿ ತಂದಿದ್ದ ಸಗಣಿ ಮಣ್ಣನ್ನು ಮೆತ್ತಿ, ಹಸಿಯಾಗಿದ್ದಂತೆಯೇ ಅಟ್ಟಕ್ಕೆ ಏರಿಸಿದೆ. ಒಣಗಿಸಲು ಸಮಯವಿರಲಿಲ್ಲ. ಮುಚ್ಚಳ ಹಾಕುವ ಮುಂಚೆ ಇನ್ನೊಂದು ಕೆಲಸ ಮಾಡಿದ್ದೆ: ಮೇಲಿನ ಬೂದಿಯಲ್ಲಿ, ಬೆರಳ ಗೆಣ್ಣಿನಷ್ಟು ಕೆಳಗೆ, ಒಂದು ಹುಣಸೆ ಬೀಜ ಇಟ್ಟಿದ್ದೆ. ಯಾರಾದರೂ ಗಡಿಗೆಗೆ ಕೈ ಹಾಕಿದರೆ ಅದು ಜಾಗದಲ್ಲಿರುವುದಿಲ್ಲ ಎನ್ನುವುದು ನನ್ನ ಗೇಜು.

ತಂದ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಮಂಚದ ಕೆಳಗಿಟ್ಟೆ. ನಾಲ್ಕನೆಯ ದಿನ ಹತ್ತೂ ಮೊಳಕೆ ಒಡೆದಿದ್ದವು. ಮನುಷ್ಯನಿಗೆ ಬುದ್ಧಿ ನೆಟ್ಟಗಿದ್ದರೆ ಅಲ್ಲಿಗೆ ಬಿಡಬೇಕಾಗಿತ್ತು. ನಾನು ಅಂದುಕೊಂಡದ್ದು ಬೇರೆ. ಗಡಿಗೆಯಲ್ಲಿ ಇಷ್ಟು ಒಳ್ಳೆಯ ಬೀಜ ಇದೆ ಎಂದಮೇಲೆ, ಕೊಡುವ ಹೊತ್ತಿಗೆ ನನ್ನದನ್ನು ಬದಲಾಯಿಸುತ್ತಿದ್ದಾರೆ.

ಮೂರು ವಾರ ಬಿಟ್ಟು, ಜೂನಿನಲ್ಲಿ, ಮತ್ತೆ ಇಳಿಸಿದೆ. ಹುಣಸೆ ಬೀಜ ಜಾಗದಲ್ಲಿರಲಿಲ್ಲ. ಕೆದಕಿದಾಗ ನಾಲ್ಕು ಬೆರಳು ಕೆಳಗೆ, ಅವರೆಯ ನಡುವೆ ಸಿಕ್ಕಿತು. ಬೂದಿಯ ಮಟ್ಟವೂ ಇಳಿದಿತ್ತು. ಕಳ್ಳನನ್ನು ಹಿಡಿದವನ ಹಾಗೆ ಹಿಗ್ಗಿದೆ. ಬೂದಿ ಕುಲುಕಿದರೆ ಕೂರುತ್ತದೆ, ಭಾರದ ಬೀಜ ಅದರಲ್ಲಿ ಇಳಿಯುತ್ತದೆ ಎನ್ನುವುದು ಒಲೆ ಊದಿದ ಯಾವ ಹೆಂಗಸಿಗೂ ಗೊತ್ತು. ಕೈ ಹಾಕಿ ಪದರ ಕೆಡಿಸಿದವನು ನಾನು, ಏಣಿಯಲ್ಲಿ ಗಡಿಗೆಯನ್ನು ಕುಲುಕಿಕೊಂಡು ಏರಿಸಿ ಇಳಿಸಿದವನೂ ನಾನು. ಅದು ಹೊಳೆಯಲೇ ಇಲ್ಲ. ಹುಣಸೆ ಬೀಜವನ್ನು ಮತ್ತೆ ಮೇಲಿಟ್ಟು, ಮತ್ತೆ ಹಸಿ ಸಗಣಿ ಮೆತ್ತಿದೆ. ಒಳಗಿನ ಬಟ್ಟೆ ಆಗಲೇ ತೇವ ಹಿಡಿದಿತ್ತು. ಅದನ್ನು ಹಾಗೆಯೇ ಮಡಿಸಿ ಹಾಕಿದೆ.

ಆ ವರ್ಷ ಜುಲೈ ಇಡೀ ಸೋನೆ. ಹಗ್ಗದ ಮೇಲೆ ಹಾಕಿದ ಟವಲ್ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ. ಬಿತ್ತನೆಗೆ ಹದಿನೈದು ದಿನ ಇರುವಾಗ, ಇನ್ನೊಂದು ಶನಿವಾರ, ಮೂರನೆಯ ಸಲ ಮುಚ್ಚಳ ಎತ್ತಿದೆ.

ನಾನು ಮೆತ್ತಿದ ಸಗಣಿ ಒಣಗಿರಲೇ ಇಲ್ಲ, ಮೇಲೆ ಬಿಳಿ ಬೂಷ್ಟು ಬಂದಿತ್ತು. ಬೂದಿ ಪುಡಿಯಾಗಿರಲಿಲ್ಲ, ಸಣ್ಣ ಸಣ್ಣ ಉಂಡೆಗಳಾಗಿತ್ತು. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಒಂದು ಬೀಜವನ್ನು ಅವರು ಮಾಡುತ್ತಿದ್ದಂತೆ ಕಚ್ಚಿ ನೋಡಿದೆ. ಕಟ್ ಎನ್ನಲಿಲ್ಲ. ಹಲ್ಲು ಮೆತ್ತಗೆ ಒಳಗೆ ಇಳಿಯಿತು.

ಇದುವರೆಗಿನದನ್ನು ಅನುಮಾನ, ದಡ್ಡತನ ಎನ್ನಬಹುದು. ಇನ್ನು ಮುಂದಿನದಕ್ಕೆ ಆ ಹೆಸರಿಲ್ಲ. ಆ ಕ್ಷಣ ನನಗೆ ಪೂರ್ತಿ ಗೊತ್ತಾಯಿತು. ಕೆಟ್ಟಿದ್ದು ಬೀಜ, ಕೆಡಿಸಿದ್ದು ನಾನು. ಅವತ್ತೇ ಅತ್ತಿಗೆಗೆ ಹೇಳಿದ್ದರೆ ಅವರು ಬೀಜವನ್ನು ಜರಡಿ ಹಿಡಿದು, ಒಲೆಯ ಹತ್ತಿರ ಚಾಪೆ ಹಾಸಿ ಆರಿಸಿ, ಅರ್ಧವನ್ನಾದರೂ ಉಳಿಸಿಕೊಳ್ಳುತ್ತಿದ್ದರು. ಹದಿನೈದು ದಿನ ಕೈಯಲ್ಲಿತ್ತು. ನಾನು ಹುಣಸೆ ಬೀಜವನ್ನು ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡೆ. ಮುಚ್ಚಳ ಮುಚ್ಚಿದೆ. ಮೆತ್ತಿದೆ. ಅಟ್ಟಕ್ಕೆ ಏರಿಸಿದೆ. ಕೈ ತೊಳೆದು, ಜಗಲಿಗೆ ಬಂದು ಪೇಪರ್ ಓದಿದೆ. ಅತ್ತಿಗೆ ಗುಡಿಯಿಂದ ಬಂದವರು ತುಳಸಿ ಕೊಟ್ಟರು. ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡೆ.

ಗಡಿಗೆ ತೆರೆಯುವ ದಿನ ನಾಲ್ಕು ಜನ ಬಂದಿದ್ದರು. ಹಿಟ್ಟಿನ ಗಿರಣಿಯವನು, ಡೈರಿಗೆ ಹಾಲು ಹಾಕುತ್ತಿದ್ದ ಗಂಡ ಹೆಂಡತಿ, ಹೂ ಕಟ್ಟುವ ಅಜ್ಜಿ. ಅತ್ತಿಗೆ ಆ ಸೀರೆ ಉಟ್ಟಿದ್ದರು. ಮೆತ್ತು ಹಸಿಯಾಗಿರುವುದನ್ನು ಕಂಡು ಅವರ ಕೈ ಒಂದು ಕ್ಷಣ ನಿಂತಿತು. ಸೋನೆಗೆ ತೇವ ಎಳೆದುಕೊಂಡಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮುಚ್ಚಳ ಎತ್ತುತ್ತಲೇ ಅಜ್ಜಿ ಸೆರಗನ್ನು ಮೂಗಿಗೆ ಹಿಡಿದಳು. ಮೊರಕ್ಕೆ ಸುರಿದಾಗ ಬೂದಿಯ ಉಂಡೆಗಳ ನಡುವೆ ಕಪ್ಪಿಟ್ಟ ಅವರೆ. ಗಟ್ಟಿಯಾಗಿ ಕಂಡ ಬೀಜದಲ್ಲೂ ತೂತು, ಕುಟ್ಟೆ ಹುಳ ಹಿಡಿದಿತ್ತು. ಅತ್ತಿಗೆ ಒಳ್ಳೆಯದಿರಬಹುದು ಎಂದು ಹತ್ತು ಆರಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದರು. ನಾಲ್ಕು ದಿನ ಬಿಟ್ಟು ಬನ್ನಿ ಎಂದರು.

ನಾಲ್ಕನೆಯ ದಿನವೂ ಅವರೆಲ್ಲ ಬಂದರು. ಬಟ್ಟೆ ಬಿಚ್ಚಿದರೆ ಲೋಳೆ. ಒಂದೇ ಒಂದು ಬೀಜ ಉಬ್ಬಿತ್ತು, ಅದೂ ಮೊಳೆತಿರಲಿಲ್ಲ. ಗಡಿಗೆ ತೆರೆದ ದಿನ ಮೆತ್ತಿನಲ್ಲಿ ಯಾರಾದರೂ ನನ್ನ ಹೆಬ್ಬೆರಳಿನ ಗುರುತು ನೋಡಿದ್ದಾರೆಯೇ ಎನ್ನುವ ಭಯ ನನಗೆ. ಅತ್ತಿಗೆ ಯಾವಾಗಲೂ ಅಂಗೈಯಿಂದ ಸವರಿ ನುಣುಪು ಮಾಡುತ್ತಿದ್ದರು. ನಾನು ಹೆಬ್ಬೆರಳಿನಿಂದ ಒತ್ತಿದ್ದೆ. ಯಾರೂ ಯೋಚಿಸುವ ಮುಂಚೆ ಏನಾದರೂ ಹೇಳಬೇಕಾಗಿತ್ತು. ಹೇಳಿದೆ.

"ನಿಮ್ಮ ಕೈಗುಣ ಹೋಯ್ತು ಅತ್ತಿಗೆ. ಅಣ್ಣನ ಜೊತೆಗೇ ಹೋಯ್ತು ಅನ್ಸುತ್ತೆ."

ಗಿರಣಿಯವನು ನೆಲ ನೋಡಿದ. ಹಾಲಿನವನ ಹೆಂಡತಿ ತಲೆ ಆಡಿಸಿದಳು, ಹೌದು ಎನ್ನುವ ಹಾಗೆ. ಅತ್ತಿಗೆ ಎರಡೂ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡರು. ಲೋಳೆ ಅಂಟಿತ್ತು. ಬಿಸಿ ಆರುವ ಮುಂಚೆ ತುಂಬಿದೆನೋ ಏನೋ ಎಂದಷ್ಟೇ ಅಂದರು.

ಆ ವರ್ಷ ಎಲ್ಲರೂ ಅಂಗಡಿಯ ಪ್ಯಾಕೆಟ್ ಅವರೆ ತಂದು ಬಿತ್ತಿದೆವು. ಗಿಡ ಬಂತು, ಕಾಯಿ ಬಂತು, ಸೊಗಡು ಬರಲಿಲ್ಲ. ಬಿಡಿಸಿದ ಕೈಗೆ ಆ ಎಣ್ಣೆಯ ವಾಸನೆ ಹತ್ತುವುದೇ ಇಲ್ಲ. ನನ್ನ ಸಾಲುಗಳಲ್ಲಿ ಪ್ಯಾಕೆಟ್ ಬೀಜವೂ ಅರ್ಧಕ್ಕೆ ಅರ್ಧ ಮೇಲೆ ಬರಲಿಲ್ಲ. ಆಗ ಒಂದು ಕಡ್ಡಿ ತೆಗೆದುಕೊಂಡು ಸಾಲು ಬಗೆದು ಅಳೆದೆ. ಬೀಜ ಐದು ಬೆರಳು ಆಳದಲ್ಲಿ ಕೊಳೆಯುತ್ತಿತ್ತು. ಮೂರು ವರ್ಷ ಎಲ್ಲದಕ್ಕೂ ಗೇಜು ಹಿಡಿದವನು ನನ್ನ ಕೈಗೆ ಹಿಡಿದಿರಲಿಲ್ಲ.

ಅತ್ತಿಗೆ ಗಡಿಗೆಯನ್ನು ತೊಳೆದು ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿದರು. ಮರುವರ್ಷ ಬೀಜ ಕಟ್ಟಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಅಕ್ಕಪಕ್ಕದವರು ಮೊಸರಿಗೆ ಹೆಪ್ಪು ಕೇಳಲು ಬಂದರೆ ಅವರು ಪಾತ್ರೆಯನ್ನು ಮುಂದಿಟ್ಟು, ನನ್ನ ಕೈ ಬೇಡ, ನೀವೇ ಹಾಕ್ಕೊಳ್ಳಿ ಎನ್ನಲು ಶುರುಮಾಡಿದರು. ಗೋಡೆಯ ಈಚೆ ಕೂತು ನಾನು ಅದನ್ನು ಮೂರು ವರ್ಷ ಕೇಳಿದೆ. ನನ್ನ ಹೆಂಡತಿ ಒಮ್ಮೆ, ಯಾಕೆ ಅಕ್ಕ ಹೀಗಾಡ್ತಾರೆ ಎಂದು ಕೇಳಿದಳು. ವಯಸ್ಸಾಯಿತು ಎಂದೆ.

ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ ಬೋರಿನ ಮೋಟರು ಸುಟ್ಟಿತು. ವೈಂಡಿಂಗ್ ಮಾಡಿಸಲು ನಾಯಂಡಹಳ್ಳಿಗೆ ಹೋದೆ. ಸಂಜೆ ಬನ್ನಿ ಎಂದು ಮೆಕ್ಯಾನಿಕ್ ಹೇಳಿದ. ಗೋಡೌನುಗಳ ನಡುವಿನ ರಸ್ತೆಯಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಡೀಸೆಲ್ಲು, ಗ್ರೀಸು, ಲಾರಿಯ ಧೂಳು. ಅದರ ನಡುವೆ ಆ ಸೊಗಡು ಮೂಗಿಗೆ ಬಂತು. ಒಂದು ಗೋಡೌನಿನ ತಂತಿಬೇಲಿಯ ಉದ್ದಕ್ಕೂ ಅವರೆ ಬಳ್ಳಿ ಹಬ್ಬಿತ್ತು. ಎರಡು ಬಳ್ಳಿಗೆ ಕೆಂಪು ದಾರ ಕಟ್ಟಿತ್ತು. ನೋಡುತ್ತಾ ನಿಂತಿದ್ದಾಗ ಗೇಟಿನ ಪಕ್ಕದ ಕೋಣೆಯಿಂದ ಆ ಹೆಂಗಸು ಬಂದಳು. ನನ್ನನ್ನು ಕೂಡಲೇ ಗುರುತು ಹಿಡಿದಳು.

"ಬರ್ರಿ ಕಾಕಾ. ಅಮ್ಮಾರು ಆರಾಮ ಅದಾರೇನ್ರಿ? ನೋಡ್ರಿ, ಅವರು ಕೊಟ್ಟ ಬೀಜಾನ ಇದು. ಗಡಿಗಿ ಮುಚ್ಚೂಕಿಂತ ಮೊದ್ಲ ನನಗಂತ ಬಾಟ್ಲಿ ತುಂಬಿ ತೆಗದಿಟ್ಟಿದ್ರು. ಹೇಳಿದಂಗ ಬೂದ್ಯಾಗ ಇಟ್ಟು ವರ್ಷಾ ವರ್ಷಾ ಹಾಕೀನಿ."

ಮುಚ್ಚುವುದಕ್ಕಿಂತ ಮೊದಲು. ನಾನು ಬೇಲಿಯ ಕಂಬ ಹಿಡಿದುಕೊಂಡೆ. ಬಿಸಿಲು ಭಾಳ ಐತ್ರಿ ಎಂದು ಅವಳು ನೀರು ಕೊಟ್ಟಳು. ಹಿಂದಿನ ವರ್ಷದ ಬೀಜ ಬಾಟಲಿಯಲ್ಲಿತ್ತು. ಕೇಳುವ ಮುಂಚೆಯೇ ಅದರಿಂದ ಎರಡು ಹಿಡಿ ಬೂದಿಯ ಸಮೇತ ಒಂದು ಡಬ್ಬಿಗೆ ಹಾಕಿ, ಮುಚ್ಚಳದ ಸುತ್ತ ಮೇಣದ ಬತ್ತಿ ಕರಗಿಸಿ ಬಿಟ್ಟಳು. ದಾರ ಕಟ್ಟಿದ ಬಳ್ಳಿಯದೂ ಒಣಗಿದ ಮೇಲೆ ಒಯ್ಯಿರಿ, ಅಮ್ಮಾರದ ಅಲ್ಲೇನ್ರಿ ಎಂದಳು. ದಾರಿಯಲ್ಲಿ ತೆರೆದು ನೋಡಬೇಡಿ, ಮಂಜಿನ ದಿನ ಎಂದು ಎಚ್ಚರಿಸಿದಳು. ನಾನು ತೆರೆಯಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಡಬ್ಬಿ ನನ್ನ ಮನೆಯಲ್ಲೇ ಹನ್ನೊಂದು ದಿನ ಇತ್ತು. ಕೊಡಬೇಕೆಂದರೆ ಎಲ್ಲಿಂದ ಬಂತು ಎಂದು ಹೇಳಬೇಕು. ಅಷ್ಟು ಹೇಳಿ ಉಳಿದದ್ದನ್ನು ನುಂಗಬಹುದಾಗಿತ್ತು, ಹಾಗೆಯೇ ಮಾಡಬೇಕೆಂದು ಹೋದವನೂ ಹೌದು. ಅತ್ತಿಗೆ ಮೇಣ ಬಿಡಿಸಿ, ಒಂದು ಬೀಜ ಕಚ್ಚಿದರು. ಕಟ್ ಎಂದಿತು. ಅವರ ಮುಖದಲ್ಲಿ ಬಂದದ್ದನ್ನು ನೋಡಲಾಗದೆ ನಾನು ಮಾತಾಡಿಬಿಟ್ಟೆ. ಏಣಿ, ಚಾಕು, ಹಸಿ ಸಗಣಿ, ಹುಣಸೆ ಬೀಜ, ಮೂರನೆಯ ಶನಿವಾರ, ಎಲ್ಲವನ್ನೂ. ಮುಗಿದ ಮೇಲೆ ಅತ್ತಿಗೆ ಒಂದೇ ಮಾತು ಕೇಳಿದರು.

"ಅವತ್ತು ಅವರ ಮುಂದೆ ಕೈಗುಣ ಅಂದ್ಯಲ್ಲ. ಅವಾಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅತ್ತಿಗೆ."

ಅವರು ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆಗೇ ತಳ್ಳಿದರು.

"ಮೂರು ವರ್ಷ ನಾನು ನನ್ನ ಕೈ ನೋಡ್ಕೊಂಡು ಕೂತೆ ಕಣಯ್ಯ. ಯಾರ ಮುಂದೆ ಅಂದ್ಯೋ ಅವರ ಮುಂದೆ ಹೇಳ್ಬಿಟ್ಟು ಬಾ. ಅಲ್ಲೀವರ್ಗೂ ಇದನ್ನ ಮುಟ್ಟಲ್ಲ."

ನನಗೆ ಕ್ಷಮೆ ಸಿಗಬಹುದು ಎಂದು ಎಲ್ಲೋ ಆಸೆ ಇತ್ತು. ಅವರು ಅದರ ಮಾತೇ ಎತ್ತಲಿಲ್ಲ.

ಗಿರಣಿಯ ಬಾಗಿಲಿಗೆ ಎರಡು ಸಲ ಹೋಗಿ, ರಾಗಿ ಬೀಸಲು ಕೊಟ್ಟು ವಾಪಸು ಬಂದೆ. ಮೂರನೆಯ ಸಲ, ಯಂತ್ರ ನಿಂತಿದ್ದಾಗ, ಹೇಳಿದೆ. ಅವನು ಕೈಯ ಹಿಟ್ಟು ಕೊಡವಿಕೊಂಡು, ನನ್ನ ಮನೆಯವಳು ಆಮೇಲೆ ನಿಮ್ಮ ಅತ್ತಿಗೆ ಹತ್ರ ಹೆಪ್ಪು ಕೂಡ ಇಸ್ಕೊಳ್ತಿರ್ಲಿಲ್ಲ ಸಾರ್ ಎಂದ. ಹೂ ಕಟ್ಟುವ ಅಜ್ಜಿಗೆ ಕಿವಿ ಮಂದ. ಗುಡಿಯ ಮುಂದೆ ಗಟ್ಟಿಯಾಗಿ ಎರಡು ಸಲ ಹೇಳಬೇಕಾಯಿತು, ದಾರಿಯಲ್ಲಿ ಹೋಗುವವರಿಗೂ ಕೇಳಿಸಿತು. ಅಜ್ಜಿ ಕೈಯಲ್ಲಿದ್ದ ಹೂವನ್ನು ಬಿಡದೆ, "ಥೂ ನಿನ್ನ," ಎಂದಳು. ಆಮೇಲೆ ಎರಡು ಮೊಳ ಅಳೆದು, ನಿನ್ನ ಅತ್ತಿಗೆಗೆ ಕೊಡು ಹೋಗು ಎಂದು ಬುಟ್ಟಿಯ ಅಂಚಿಗಿಟ್ಟಳು. ಹಾಲಿನ ಗಂಡ ಹೆಂಡತಿ ಅಷ್ಟರಲ್ಲಿ ಹಸು ಮಾರಿ, ಮಗಳ ಊರಿಗೆ ಹೋಗಿದ್ದರು. ಕುಣಿಗಲ್ ಕಡೆ ಎಂದು ಒಬ್ಬರು, ಹುಲಿಯೂರುದುರ್ಗ ಎಂದು ಇನ್ನೊಬ್ಬರು. ಇನ್ನೂ ಹುಡುಕಿದ್ದರೆ ಸಿಗುತ್ತಿದ್ದರು. ನಾನು ಅಷ್ಟು ಹುಡುಕಲಿಲ್ಲ. ತಲೆ ಆಡಿಸಿದ ಆ ಹೆಂಗಸು ಎಲ್ಲೋ ಒಂದು ಕಡೆ ಇನ್ನೂ ಅದನ್ನೇ ನಂಬಿಕೊಂಡಿದ್ದಾಳೆ. ಅದಕ್ಕೇ ಈ ಬರಹ.

ಇಬ್ಬರಿಗೆ ಹೇಳಿ ಬಂದ ದಿನ ಅತ್ತಿಗೆ ಡಬ್ಬಿಯನ್ನು ಒಳಗಿಟ್ಟುಕೊಂಡರು. ಉಳಿದರ್ಧ ಬಾಕಿ ಎಂದರು. ಆ ಆಷಾಢದಲ್ಲಿ ತಮ್ಮ ಹೊಲದ ನಾಲ್ಕು ಸಾಲಿಗೆ ಅದನ್ನು ಬಿತ್ತಿದರು, ಎರಡು ಬೆರಳು ಆಳಕ್ಕೆ. ಒಂದು ಕಾಯನ್ನೂ ಸಾರಿಗೆ ಕೀಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಗೋಡೆಯ ಮೇಲಿದ್ದ ಗಡಿಗೆ ಇಳಿಯಿತು. ಒಣಗಿಸಿ, ಆರಿಸಿ, ಬೂದಿ ಬೀಜ ತುಂಬುವಾಗ ನನ್ನನ್ನು ಕರೆದು ಗಡಿಗೆ ಅಲ್ಲಾಡದಂತೆ ಹಿಡಿದುಕೊಳ್ಳಲು ಹೇಳಿದರು. ಹಿಡಿದುಕೊಂಡೆ. ಅವರು ಮುಚ್ಚಳದ ಸುತ್ತ ಸಗಣಿ ಮಣ್ಣು ಮೆತ್ತಿ, ಅಂಗೈಯಿಂದ ಸವರಿ ನುಣುಪು ಮಾಡಿದರು.

ಅಲ್ಲಿಗೆ ಮುಗಿಯಿತು ಎಂದು ನಾನು ಕೈ ತೆಗೆಯಲು ಹೋದೆ. ಇರು ಎಂದರು. ಸೊಂಟದಿಂದ ತಮ್ಮ ಪೆಟ್ಟಿಗೆಯ ಕೀಲಿಕೈ ಬಿಚ್ಚಿ, ಹಸಿ ಮೆತ್ತಿನ ಮೇಲೆ ಮೂರು ಕಡೆ ಒತ್ತಿದರು. ಕೀಲಿಯ ಹಲ್ಲುಗಳ ಸಮೇತ ಅಚ್ಚು ಮೂಡಿತು. ನಮ್ಮವ್ವನ ಕಾಲದಿಂದ ಆ ಗಡಿಗೆಯ ಮೇಲೆ ಯಾರೂ ಗುರುತು ಹಾಕಿರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ಕೀಲಿಯನ್ನು ಸೆರಗಿನಲ್ಲಿ ಒರೆಸಿಕೊಂಡರು. ಬಿಸಿಲಿಗೆ ಇಡು, ಪೂರ್ತಿ ಒಣಗಲಿ ಎಂದರು. ನಾನು ಎರಡೂ ಕೈಯಲ್ಲಿ ಗಡಿಗೆಯನ್ನು ಎತ್ತಿಕೊಂಡು, ಕುಲುಕದ ಹಾಗೆ, ಅಂಗಳಕ್ಕೆ ನಡೆದೆ.